ಉಲ್ಲೇಖ: ಮೂರು ಮದರ್‌ಬೋರ್ಡು

ಖಜಾನೆ ಇಲಾಖೆಯಿಂದ ನಿವೃತ್ತರಾದ ನಮ್ಮ ದೊಡ್ಡಪ್ಪನ ಲೆಕ್ಕದಲ್ಲಿ ಫೋನಿನಲ್ಲಿ ಆಡಿದ ಮಾತು ಮಾತೇ ಅಲ್ಲ. ಹಾಲು ನೀರಾಗಿದ್ದರೆ ಹಾಲಿನವನಿಗೂ ‘ವಿಷಯ’, ‘ಉಲ್ಲೇಖ’ ಹಾಕಿದ ಪತ್ರ ಹೋಗುತ್ತದೆ. ಕಾರ್ಬನ್ ಪ್ರತಿ ಫೈಲಿಗೆ.

ಹೀಗಿರುವಾಗ ವಾರಂಟಿಯಲ್ಲಿದ್ದ ಅವರ ಲ್ಯಾಪ್‌ಟಾಪು ಪದೇಪದೇ ಸ್ಥಗಿತವಾಗತೊಡಗಿತು. ಸರ್ವಿಸ್ ಸೆಂಟರಿನ ಹುಡುಗರು ಪ್ರತಿ ಸಲವೂ “ಬೋರ್ಡ್ ಹೋಗಿದೆ ಸಾರ್” ಎಂದು ಮದರ್‌ಬೋರ್ಡು ಬದಲಿಸಿದರು. ಬೋರ್ಡು ಬದಲಾದಾಗಲೆಲ್ಲ ಬಿಟ್‌ಲಾಕರ್ 48 ಅಂಕಿಯ ಕೀಲಿ ಕೇಳುತ್ತಿತ್ತು. ದೊಡ್ಡಪ್ಪ ಅದನ್ನು ಡೈರಿಯಲ್ಲಿ ಗ್ಯಾಸ್ ಬುಕಿಂಗಿನ ನಂಬರಿನ ಕೆಳಗೆ ಬರೆದಿಟ್ಟಿದ್ದರು. ಹುಡುಗರು ಬೆರಗಾದದ್ದು ಅದಕ್ಕೊಂದಕ್ಕೇ. ನಾಲ್ಕನೆಯ ಬೋರ್ಡಿನ ಪ್ರಸ್ತಾಪ ಬಂದ ದಿನ ಪತ್ರ ಹೊರಟಿತು.

“ಮಾನ್ಯರೇ, ತಾವು ಈವರೆಗೆ ಮೂರು ಬೋರ್ಡು ಬದಲಿಸಿರುತ್ತೀರಿ. ಮೂರರ ಮೇಲೂ ಅದೇ ನೀಲಿ ಪರದೆ, ಅದೇ ಬರಹ: MEMORY_MANAGEMENT. ಬಾಡಿಗೆದಾರ ಮೂರು ಮನೆ ಬದಲಿಸಿದರೂ ಜಗಳ ನಿಲ್ಲದಿದ್ದರೆ ತಪ್ಪು ಮನೆಯದ್ದಲ್ಲವೆಂದು ಭಾವಿಸಲಾಗಿದೆ. ಸದರಿ ಬಾಡಿಗೆದಾರರು, ತಾವು ಹಳೆಯ ಬೋರ್ಡಿನಿಂದ ಕಿತ್ತು ಹೊಸದಕ್ಕೆ ಸಿಕ್ಕಿಸುತ್ತ ಬಂದ 8 ಜಿಬಿಯ ಎರಡು ರ್‍ಯಾಮ್ ಪಟ್ಟಿಗಳು.”

ಬರೀ ಊಹೆಯ ಮೇಲೆ ಸಹಿ ಹಾಕುವವರಲ್ಲ ಅವರು. ಮೆಮ್‌ಟೆಸ್ಟ್ ತುಂಬಿದ ಪೆನ್‌ಡ್ರೈವ್ ಮಾಡಿಕೊಟ್ಟವನು ನಾನು. ವಿಂಡೋಸ್ ಏಳುವ ಮೊದಲೇ ಓಡುವ ಪರೀಕ್ಷೆಯಾದ್ದರಿಂದ ವಿಂಡೋಸನ್ನು ದೂರುವ ದಾರಿಯೂ ಮುಚ್ಚಿತು. ರ್‍ಯಾಮನ್ನು ಗ್ರಾಹಕರೇ ಬದಲಿಸಬಹುದೆಂಬ ಕೈಪಿಡಿಯ ಸಾಲಿಗೆ ಕೆಂಪು ಗೆರೆ ಎಳೆದ ಮೇಲೆಯೇ ಸ್ಕ್ರೂ ಬಿಚ್ಚಿದರು. ಒಂದೊಂದೇ ಪಟ್ಟಿ ಹಾಕಿ, ಪ್ರತಿ ಪರೀಕ್ಷೆಗೂ ಒಂದು ರಾತ್ರಿ ಕೊಟ್ಟರು. ಮೊದಲನೆಯದು ಬೆಳಗಿನವರೆಗೂ ಸುಮ್ಮನಿತ್ತು. ಎರಡನೆಯದು ಪರದೆ ತುಂಬ ಕೆಂಪು ಸಾಲು. ಅದನ್ನು ಪಕ್ಕದ ಸ್ಲಾಟಿಗೆ ಹಾಕಿದರೆ ಅಲ್ಲೂ ಕೆಂಪೇ. ಮೊದಲನೆಯದಕ್ಕೆ ಎರಡೂ ಸ್ಲಾಟು ಒಗ್ಗಿದವು. ತಪ್ಪು ಸ್ಲಾಟಿನಲ್ಲೇ ಉಳಿದಿದ್ದರೆ ಬೋರ್ಡನ್ನು ಅನುಮಾನಿಸಬಹುದಿತ್ತು. ಅದು ಪಟ್ಟಿಯ ಬೆನ್ನು ಹತ್ತಿ ಹೋಗಿತ್ತು.

“ತಮ್ಮಲ್ಲಿ ಹತ್ತು ನಿಮಿಷ ಚೆನ್ನಾಗಿ ನಡೆಯಿತೆಂಬ ವಾದ ಒಪ್ಪತಕ್ಕದ್ದಲ್ಲ,” ಎಂದು ಪತ್ರ ಮುಂದುವರಿಯುತ್ತದೆ. “ಕೆಟ್ಟಿರುವುದು ಮೆಮೊರಿಯ ಒಂದು ಮೂಲೆ. ಖಾಲಿ ಡೆಸ್ಕ್‌ಟಾಪು ಆ ಮೂಲೆಗೆ ಹೋಗದೆಯೂ ಇರಬಹುದು. ನಾನು ಪಿಂಚಣಿ ನಿಯಮಗಳ ಕಡತಗಳನ್ನು ಒಟ್ಟಿಗೆ ತೆರೆದಾಗ ಹೋಗುತ್ತದೆ.” ಲಗತ್ತು: ಕೆಂಪು ಸಾಲುಗಳ ಫೋಟೊ ಆರು, ಜಾಬ್‌ಶೀಟಿನ ನಕಲು ಮೂರು.

ವಾರದೊಳಗೆ ಪಟ್ಟಿ ಬದಲಾಯಿತು. ತಿಂಗಳಾದರೂ ನೀಲಿ ಪರದೆಯಿಲ್ಲ. ಸಿಹಿ ಹಂಚುತ್ತಾರೇನೋ ಎಂದು ಹೋದರೆ ದೊಡ್ಡಪ್ಪ ಟೈಪು ಮಾಡುತ್ತಿದ್ದರು. ಕೊನೆಯ ಜಾಬ್‌ಶೀಟಿನಲ್ಲೂ ಹುಡುಗರು ಅಭ್ಯಾಸಬಲದಿಂದ ‘ಮದರ್‌ಬೋರ್ಡ್ ಬದಲಿಸಲಾಗಿದೆ’ ಎಂದೇ ಬರೆದಿದ್ದರಂತೆ.

“ವಿಷಯ: ದಾಖಲೆ ತಿದ್ದುಪಡಿ ಕುರಿತು,” ಎಂದು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಉಲ್ಲೇಖದಲ್ಲಿ ನಿನ್ನ ಪೆನ್‌ಡ್ರೈವನ್ನೂ ಸೇರಿಸಲೇನೋ?”