ನಮ್ಮ ಮಂಜ ಪಾರ್ಟ್ನರ್ ಆದ

ಪೀಣ್ಯದ ಕಾರ್ಖಾನೆಯಲ್ಲಿ ಕಾಯಂ ಕೆಲಸದಲ್ಲಿರುವ ನನ್ನ ಭಾವನನ್ನು ನೋಡಿದಾಗಲೆಲ್ಲ ಕರುಳು ಚುರುಕ್ಕೆನ್ನುತ್ತದೆ. ಹದಿನೆಂಟು ಸಾವಿರ ಸಂಬಳ ಬಂದರೂ ಪಾಪ, ಪೂರ್ತಿ ಕೈಗೆ ಬರುವುದಿಲ್ಲ. ಮೂಲ ವೇತನ 15,000ದ ಮೇಲೆ ಪಿಎಫ್ ಎಂದು 1,800 ಕಿತ್ತುಕೊಳ್ಳುತ್ತಾರೆ, ಇಎಸ್‌ಐಗೆ ಇನ್ನೊಂದು 135. ಉಳಿಯುವುದು 16,065.

ನನ್ನ ಅಕ್ಕನ ಮಗ ಮಂಜ ಹಾಗಲ್ಲ. ಅವನು ಊಟ ತಲುಪಿಸುವ ಕಂಪನಿಯ ನೌಕರನಲ್ಲ, ‘ಪಾರ್ಟ್ನರ್’. ಆರ್ಡರಿಗೆ ಸುಮಾರು 35ರಂತೆ ದಿನಕ್ಕೆ 22 ಮುಟ್ಟಿಸಿದರೆ 770; ಅದರ ಮೇಲೆ ಇನ್ಸೆಂಟಿವ್ 250. ಪೆಟ್ರೋಲಿಗೆ 270 ಹೋದರೂ 750 ನಿಂತಿತು. ತಿಂಗಳಿಗೆ 26 ದಿನ ಓಡಿ, ಸರ್ವೀಸು, ಟೈರು, ಡೇಟಾಕ್ಕೆ 2,500 ಕಳೆದರೆ ನಿವ್ವಳ 17,000. ಭಾವನಿಗಿಂತ 935 ರೂಪಾಯಿ ಮೇಲೆ! ಕಾರ್ಖಾನೆಯೂ ಭಾವನ ಹೆಸರಿಗೆ ಪಿಎಫ್, ಇಎಸ್‌ಐ ಸೇರಿ ತಿಂಗಳಿಗೆ 2,385 ಕಟ್ಟುತ್ತದಂತೆ. ಕಣ್ಣಿಗೆ ಕಾಣದ ದುಡ್ಡನ್ನು ಲೆಕ್ಕಕ್ಕೆ ಹಿಡಿಯುವವರಾರು?

ಭಾವನ ಸಂಬಳದಲ್ಲಿ ಇಲ್ಲದ ರೋಮಾಂಚನವೂ ಇಲ್ಲಿದೆ. ಮಂಜ 21ನೇ ಆರ್ಡರ್ ಮುಗಿಸಿದ ಕೂಡಲೇ ಊರಿನವರ ಹಸಿವೆಲ್ಲ ಒಮ್ಮೆಲೇ ಅಡಗಿಬಿಡುತ್ತದೆ. ದರ್ಶಿನಿಯ ಮುಂದೆ ರಾತ್ರಿ ಹನ್ನೊಂದರವರೆಗೂ ಫೋನ್ ನೋಡುತ್ತ ಕೂರುತ್ತಾನೆ. 22ನೆಯದು ಬರದಿದ್ದರೆ ಆ ದಿನ 750ರ ಬದಲು 465. ಒಂದು ಪಾರ್ಸಲ್ಲಿಗೆ 285 ರೂಪಾಯಿಯ ಏರುಪೇರು! ಷೇರು ಪೇಟೆಯಲ್ಲಿ ಇಂಥ ಅನುಭವಕ್ಕೆ ಜನ ಕೈಯಿಂದ ದುಡ್ಡು ಹಾಕಬೇಕು.

ಇನ್ನು ಬೆಳವಣಿಗೆ. ಭಾವ ಹತ್ತು ವರ್ಷ ಒಂದೇ ಕಡೆ ಬೇರೂರಿದ್ದಾನೆ. ಇವತ್ತು ಬಿಟ್ಟರೆ ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕದಲ್ಲಿ 86,538 ರೂಪಾಯಿ ಗ್ರಾಚ್ಯುಟಿ ಕೊಟ್ಟು ಕಳಿಸುತ್ತಾರೆ, ಹಾರ ಬೇರೆ. ಮಂಜನಿಗೆ ಮುಪ್ಪೆಂಬುದೇ ಇಲ್ಲ. ಐದು ವರ್ಷದ ಅನುಭವಿಗೂ ನಿನ್ನೆ ಸೇರಿದ ಹುಡುಗನಿಗೂ ಒಂದೇ ದರ. ಹೋದ ವಾರ ‘ಗೋಲ್ಡ್’ ಆಗಿದ್ದವನು ಈ ವಾರ ಮತ್ತೆ ಮೊದಲಿಂದ ಶುರು.

ಈ ಸ್ವಾತಂತ್ರ್ಯಕ್ಕೂ ಕಣ್ಣು ಬಿದ್ದಿದೆ. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಪ್ರತಿ ವಹಿವಾಟಿನ ಪಾವತಿಯ ಮೇಲೆ ಕಂಪನಿಯವರು ಶೇಕಡಾ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣ ತಿಳಿಸಿ 14 ದಿನ ಮೊದಲೇ ನೋಟಿಸ್ ಕೊಡಬೇಕು. ರಾತ್ರೋರಾತ್ರಿ ಐಡಿ ಬ್ಲಾಕ್ ಆಗುವ ಬೆರಗನ್ನೂ ಕಸಿಯುವ ಹುನ್ನಾರ.

ಹೋದ ಮಳೆಗಾಲ ಭಾವ ಕೈ ಮುರಿದುಕೊಂಡು ಒಂದೂವರೆ ತಿಂಗಳು ಮನೆಯಲ್ಲಿ ಬಿದ್ದಿದ್ದ. ಇಎಸ್‌ಐಯವರು ಕೂಲಿಯ ಶೇಕಡಾ 70ರಷ್ಟು ಖಾತೆಗೆ ಹಾಕಿ ಅವನನ್ನು ಇನ್ನಷ್ಟು ಸೋಮಾರಿ ಮಾಡಿದರು. ಅದೇ ವಾರ ಮಂಜನೂ ಯಶವಂತಪುರದಲ್ಲಿ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡ.

“ನೋವು ಹೇಗಿದೆಯೋ?” ಎಂದೆ.

“ಪರವಾಗಿಲ್ಲ ಮಾವ,” ಎಂದ, ಬ್ಯಾಗು ಹೆಗಲಿಗೇರಿಸುತ್ತ. “ಇವತ್ತು ಮಳೆ. ಆರ್ಡರಿಗೆ ಹತ್ತು ರೂಪಾಯಿ ಜಾಸ್ತಿ ಕೊಡ್ತಾರೆ.”