ಇಪ್ಪತ್ತೊಂದನೇ ದಿನದ ಮೈಸೂರುಪಾಕ್

ಮನೆಗೆ ನಾಲ್ಕು ಕ್ಯಾಮೆರಾ ಹಾಕಿಸುವಾಗ, ರೆಕಾರ್ಡರಿಗೆ ಎಷ್ಟು ದೊಡ್ಡ ಹಾರ್ಡ್ ಡಿಸ್ಕ್ ಹಾಕಲಿ ಅಂತ ಅಂಗಡಿಯ ಹುಡುಗ ಕೇಳಿದ. ನೀನೇ ಹೇಳಪ್ಪಾ ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಹಳೇ ಬಿ.ಎಸ್ಸಿ. ಪದವೀಧರ; ಕ್ಯಾಲೆಂಡರಿನ ಹಾಳೆ ಮಗುಚಿ ಪೆನ್ನು ಹಿಡಿದೆ.

ಪರದೆಯ ಮೇಲೆ ಬಿಟ್‌ರೇಟ್ 4096 Kbps ಅಂತಿತ್ತು. ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 4 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಅರ್ಧ ಎಂಬಿ. ದಿನಕ್ಕೆ 86,400 ಸೆಕೆಂಡು, ಒಟ್ಟು 43.2 ಜಿಬಿ. ಇಪ್ಪತ್ತು ದಿನಕ್ಕೆ 864. "ಒಂದು ಟಿಬಿ ಧಾರಾಳ!" ಎಂದೆ. ಹುಡುಗ ಬಾಯಿ ತೆರೆದ. ನಾನು ಕೈ ಅಡ್ಡ ಹಿಡಿದೆ.

ಹೆಂಡತಿ ತವರಿಗೆ ಹೋಗಿ ಎಂಟು ದಿನ ಬಿಟ್ಟು ಬಂದವಳೇ, "ರೀ, ಹಿತ್ತಲಲ್ಲಿದ್ದ ತಾಮ್ರದ ಹಂಡೆ ಎಲ್ಲಿ?" ಎಂದಳು. ಹಂಡೆ ಹೋದದ್ದು ಯಾವತ್ತು ಅನ್ನುವುದಿರಲಿ, ಹೋಗಿದೆ ಅನ್ನುವುದೇ ನನಗೆ ಗೊತ್ತಾದದ್ದು ಆಗ. ರೆಕಾರ್ಡರಿನಲ್ಲಿ ಹುಡುಕಿದರೆ ಐದು ದಿನಕ್ಕಿಂತ ಹಿಂದಿನದು ಏನೂ ಇಲ್ಲ. ಡಿಸ್ಕ್ ತುಂಬಿದಂತೆ ಅದು ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದು ಬರೆದುಕೊಂಡಿತ್ತು.

ಅವಳು ಕ್ಯಾಲೆಂಡರ್ ಮಗುಚಿ, ಹಾಲಿನವನ ಲೆಕ್ಕ ನೋಡುವ ಹಾಗೆ ಬೆರಳಿಟ್ಟು ನೋಡಿದಳು. "ಈ ನಲವತ್ಮೂರು ಒಂದು ಕ್ಯಾಮೆರಾದ್ದೋ ನಾಲ್ಕರದ್ದೋ?"

ಒಂದರದ್ದು. ಪರದೆಯ ಆ ಅಂಕಿ ಒಂದೊಂದು ಕ್ಯಾಮೆರಾಕ್ಕೂ ಬೇರೆಬೇರೆ. ನಾಲ್ಕೂ ಸೇರಿ ದಿನಕ್ಕೆ 172.8 ಜಿಬಿ ನುಂಗುತ್ತವೆ. ಸಾವಿರ ಜಿಬಿಗೆ ಆರು ದಿನವೂ ತುಂಬುವುದಿಲ್ಲ.

ಮಾನ ಉಳಿಸಿಕೊಳ್ಳಲು, ಏನಾದರೂ ಅಲುಗಾಡಿದಾಗ ಮಾತ್ರ ರೆಕಾರ್ಡ್ ಆಗುವಂತೆ ಮಾಡಿದೆ. ತೆಂಗಿನ ಗರಿ ಹಗಲೂ ರಾತ್ರಿ ಅಲುಗಾಡಿತು. H.265 ಹಾಕಿದರೆ ಸುಮಾರು ಅರ್ಧದಷ್ಟು ಬಿಟ್‌ರೇಟ್ ಸಾಕು ಅಂತ ಕೇಳಿ ಅದನ್ನು ಹುಡುಕಿದರೆ, ಅಗ್ಗಕ್ಕೆ ತಂದ ನನ್ನ ಕ್ಯಾಮೆರಾಗಳಿಗೆ H.264 ಬಿಟ್ಟರೆ ಬೇರೇನೂ ಬಾರದು. ಕೊನೆಗೆ ಇಪ್ಪತ್ತು ದಿನಕ್ಕೆ 3456 ಜಿಬಿ ಅಂತ ಅವಳೇ ಲೆಕ್ಕ ಹಾಕಿ 4 ಟಿಬಿ ಡಿಸ್ಕ್ ತರಿಸಿದಳು. ರೆಕಾರ್ಡರ್ ಅದನ್ನು 3726 ಜಿಬಿ ಅಂತ ತೋರಿಸಿದ್ದೇ ತಡ, ನಾನು ಅಂಗಡಿಗೆ ಜಗಳಕ್ಕೆ ಓಡಿದೆ. "ಡಿಸ್ಕ್ ಮಾಡೋರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ರೆಕಾರ್ಡರ್ 1024ರ ಲೆಕ್ಕದಲ್ಲಿ. ಮಾಲು ಅಷ್ಟೇ ಇದೆ ಸಾರ್," ಎಂದ ಹುಡುಗ, ಬಿ.ಎಸ್ಸಿ. ಓದದವನು.

ಜಗಳ ಸೋತ ದುಃಖಕ್ಕೆ ಅಂದೇ ಕಾಲು ಕೆಜಿ ಮೈಸೂರುಪಾಕ್ ಕಟ್ಟಿಸಿಕೊಂಡು, ಗೇಟಿನ ಹತ್ತಿರ ಸ್ಕೂಟರ್ ಮೇಲೆ ಕೂತೇ ಮುಗಿಸಿದೆ. ನನಗೆ ಸಕ್ಕರೆ ಕಾಯಿಲೆ. ಮೂರನೇ ಕ್ಯಾಮೆರಾ ನೇರ ನನ್ನ ಬಾಯನ್ನೇ ನೋಡುತ್ತಿತ್ತೆಂದು ಆಮೇಲೆ ಹೊಳೆಯಿತು. ಇರಲಿ, ಇಪ್ಪತ್ತು ದಿನ ಕಳೆದರೆ ಅಳಿಸಿಹೋಗುತ್ತದಲ್ಲ ಎಂದು ದಿನ ಎಣಿಸಿದೆ. ಇಪ್ಪತ್ತೊಂದನೇ ದಿನ ನಿಶ್ಚಿಂತೆಯಿಂದ ಕಾಫಿ ಕುಡಿಯುತ್ತಿದ್ದಾಗ ಒಳಗಿನಿಂದ ಕೂಗು ಬಂತು: "ರೀ, ಸ್ವಲ್ಪ ಬನ್ನಿ ಇಲ್ಲಿ."

ನಾಲ್ಕು ಸಾವಿರವನ್ನು 172.8ರಿಂದ ಭಾಗಿಸಿದರೆ ಇಪ್ಪತ್ಮೂರು ದಿನ.