ಒತ್ತಡ ಇರುವವರು ಕೈ ಎತ್ತಿ

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಅವತ್ತು ಬೆಂಗಳೂರಿನ ಎಚ್‌ಆರ್ ವಿಭಾಗಗಳಿಗೆ ನೌಕರರ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕುತ್ತದೆ. ಮೇಲ್ ಬರುತ್ತದೆ: "ಪ್ರೀತಿಯ ಕುಟುಂಬದವರೇ, ಇನ್ನು ಆಪ್ತಸಲಹೆ ಉಚಿತ ಮತ್ತು ಸಂಪೂರ್ಣ ಗೌಪ್ಯ. ಆಸಕ್ತರು ಹೆಸರು, ಎಂಪ್ಲಾಯಿ ಐಡಿ, ಸಮಸ್ಯೆಯ ಸ್ವರೂಪವನ್ನು ಕೆಳಗಿನ ಶೀಟಿನಲ್ಲಿ ತುಂಬಿ. ಮ್ಯಾನೇಜರನ್ನು ಸಿಸಿಯಲ್ಲಿಡಿ. ನೂರಕ್ಕೆ ನೂರು ಭಾಗವಹಿಸಿದ ಟೀಮಿಗೆ ಪಿಜ್ಜಾ."

ಶೀಟು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಸಮಸ್ಯೆಯ ಕಾಲಮ್ಮಿನಲ್ಲಿ ಮೊದಲನೆಯವರು "ಎಸಿ ಜಾಸ್ತಿ" ಎಂದು ಬರೆಯುತ್ತಾರೆ, ಎರಡನೆಯವರು "ಮೇಲಿನಂತೆ" ಅನ್ನುತ್ತಾರೆ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹೊರಳಾಡುವವರು ಶೀಟು ಮುಚ್ಚಿ, ಕೆಲಸಕ್ಕೆ ಕೂರುತ್ತಾರೆ. ಧೈರ್ಯ ಮಾಡಿ ಹೋಗುವವರಿಗೆ ಕಾಫಿ ಮೆಷೀನಿನ ಎದುರಿಗೇ ಗಾಜಿನ ಕೋಣೆಯಿದೆ. ಗಾಜು ಪಾರದರ್ಶಕ, ಕಂಪನಿಯ ಮೌಲ್ಯಗಳಲ್ಲಿ ಅದೂ ಒಂದಲ್ಲವೇ?

ಅಸಲಿ ಕರಾಮತ್ತು ತಿಂಗಳ ಕೊನೆಯ ವರದಿಯದು. ಹೆಸರು ಇರುವುದಿಲ್ಲ, ಆ ಮಟ್ಟಿಗೆ ಪ್ರಾಮಾಣಿಕರು. "ಟೆಸ್ಟಿಂಗ್ ತಂಡ: ನಾಲ್ವರಲ್ಲಿ ಒಬ್ಬರು ಸಲಹೆ ಪಡೆದಿದ್ದಾರೆ, ನಿದ್ರಾಹೀನತೆ" ಅಂತಷ್ಟೇ ಇರುತ್ತದೆ. ನಾಲ್ವರಲ್ಲಿ ಒಬ್ಬರು ಹೆರಿಗೆ ರಜೆಯಲ್ಲಿದ್ದಾರೆ. ಒಬ್ಬರು ಸೇರಿದ್ದು ನಿನ್ನೆ. ಇನ್ನೊಬ್ಬರು ವರದಿ ಓದುತ್ತಿರುವ ಮ್ಯಾನೇಜರೇ. ಉಳಿದವರು ಯಾರೆಂದು ಹೇಳಲು ಐಐಟಿ ಪಾಸಾಗಬೇಕಿಲ್ಲ. ಮರುದಿನ ಮ್ಯಾನೇಜರು ಅವರ ಬೆನ್ನು ತಟ್ಟಿ, "ಏನಮ್ಮಾ, ನಿದ್ದೆ ಬರ್ತಿದೆಯಾ?" ಎಂದು ವಿಚಾರಿಸುತ್ತಾರೆ. ಇದ್ದಬದ್ದ ನಿದ್ದೆಯೂ ಅವತ್ತೇ ಹೋಯಿತು.

ಮಾನಸಿಕ ಆರೋಗ್ಯ ಸೇವೆ ಪಡೆಯುವವರ ವಿವರ ಗೌಪ್ಯವಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಅದು ಕಟ್ಟಿಹಾಕುವುದು ಮುಖ್ಯವಾಗಿ ಚಿಕಿತ್ಸೆ ಕೊಡುವವರನ್ನು; ಪಿಜ್ಜಾ ಕೊಡುವವರ ಬಗ್ಗೆ ಕಾಯ್ದೆ ಬರೆದವರು ಯೋಚಿಸಿದಂತಿಲ್ಲ.

ಹೀಗಾಗಿ ಸ್ನೇಹಿತರೊಬ್ಬರು ತಮ್ಮ ಎಚ್‌ಆರ್‌ಗೆ ಬೇರೊಂದು ಮೇಲ್ ಬರೆದುಕೊಟ್ಟರು: "ಈ ಮೇಲ್ ಎಲ್ಲರಿಗೂ ಒಂದೇ ರೀತಿ ಹೋಗಿದೆ. ಕಂಪನಿಯ ಹೊರಗಿನ ಆಪ್ತಸಲಹೆಗಾರರ ನಂಬರ್ ಕೆಳಗಿದೆ. ನಿಮ್ಮ ಸ್ವಂತ ಫೋನಿನಿಂದ, ನಿಮಗೆ ಬೇಕೆನಿಸಿದಾಗ ನೇರ ಕರೆ ಮಾಡಿ. ಕಂಪನಿಯ ಹೆಸರು ಹೇಳಿದರೆ ಸಾಕು, ಐಡಿ ಬೇಡ. ಇಡೀ ಕಂಪನಿಯಿಂದ ಮೂರು ತಿಂಗಳಲ್ಲಿ ಎಷ್ಟು ಕರೆ ಹೋದವು ಎಂಬ ಒಂದು ಅಂಕಿ ಮಾತ್ರ ನಮಗೆ ಬರುತ್ತದೆ. ಜೀವಕ್ಕೆ ಅಪಾಯವಿದೆ ಅನಿಸಿದಾಗ ಮಾತ್ರ ಸಲಹೆಗಾರರು ಬೇರೆಯವರ ನೆರವು ಕೇಳಬಹುದು. ಕರೆ ಮಾಡಿದ್ದು, ಮಾಡದ್ದು ಅಪ್ರೈಸಲ್‌ಗೆ ಬರುವುದಿಲ್ಲ. ಕಂಪನಿಯ ಗೊಡವೆಯೇ ಬೇಡ ಎನ್ನುವವರಿಗೆ ಸರ್ಕಾರದ ಟೆಲಿ ಮಾನಸ್ 14416 ಇದೆ, ಹಗಲುರಾತ್ರಿ, ಕನ್ನಡದಲ್ಲೂ. ಈ ಮೇಲ್‌ಗೆ ಉತ್ತರ ಬೇಡ."

ಎಚ್‌ಆರ್‌ನವರು ಎರಡು ಸಲ ಓದಿದರು. "ತುಂಬಾ ಚೆನ್ನಾಗಿದೆ ಸಾರ್," ಎಂದರು. "ಆದ್ರೆ ಯಾರ್ ಯಾರು ಕಾಲ್ ಮಾಡಿದ್ರು ಅಂತ ನಮಗೆ ಹೇಗೆ ಗೊತ್ತಾಗುತ್ತೆ?"